ಗುಂಡಿ, ದಾರ ಮತ್ತು ಪಟ್ಟಿಗೆ ಬಂದ ಕತ್ತರಿ

ಪ್ರಶ್ನೆ: ನಾನು ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿದ್ದೇನೆ. ಮೊದಲ ಕಿರುಚಿತ್ರ ಮಾಡುವ ಯೋಚನೆ ಇದೆ. ಸ್ಕ್ರಿಪ್ಟ್, ಶೂಟಿಂಗ್ ಪಟ್ಟಿ, ಸಬ್‌ಟೈಟಲ್ ಎಲ್ಲಾ ಎಐ ಟೂಲ್‌ನಲ್ಲಿ ಬರೆಸಿದ್ರೆ ಆಯ್ತು ಅಂತ ಒಬ್ಬ ಗೆಳೆಯ ಹೇಳ್ತಾನೆ. ಇನ್ನೊಬ್ಬಳು ಅದನ್ನ ಮುಟ್ಟಲೇಬೇಡ ಅಂತಾಳೆ. ನಿಜವಾಗಿ ಅದರಿಂದ ಏನಾಗುತ್ತೆ, ಏನಾಗಲ್ಲ?

ಉತ್ತರ: ನಾನು ಎಡಿಟರ್. ಬಿಡುವಿದ್ದಾಗ ಒಂದು ಫಿಲ್ಮ್ ಕ್ಲಬ್ಬಿನ ಹುಡುಗ ಹುಡುಗಿಯರ ಜೊತೆ ಕೂರುತ್ತೇನೆ. ಅಲ್ಲಿನ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ. ಅವಳ ಚಿತ್ರ ಆರು ನಿಮಿಷದ್ದು. ಇಬ್ಬರೇ ಪಾತ್ರಗಳು, ಒಂದೇ ಕೋಣೆ. ಬೆಳಗಾದರೆ ಮಗ ಹಾಸ್ಟೆಲ್‌ಗೆ ಹೊರಡುತ್ತಾನೆ. ಹಿಂದಿನ ರಾತ್ರಿ ಅವನು ಬ್ಯಾಗ್ ತುಂಬುತ್ತಿದ್ದಾನೆ, ಅಮ್ಮ ಅವನ ಅಂಗಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತಿದ್ದಾಳೆ. ಹಗಲು ಇಬ್ಬರಿಗೂ ಜಗಳ ಆಗಿದೆ, ಆದರೆ ನಾವು ಅದನ್ನು ನೋಡಿಲ್ಲ. ಕೊನೆಗೆ ಅಮ್ಮ ದಾರವನ್ನು ಹಲ್ಲಿನಿಂದ ಕಡಿದು ಅಂಗಿಯನ್ನು ಮಗನ ಕೈಗೆ ಕೊಡುತ್ತಾಳೆ. ಅಷ್ಟೇ.

ಅವಳು ಮೊದಲು ಬರೆದ ಸ್ಕ್ರಿಪ್ಟ್ ನಾಲ್ಕು ಪುಟ ಇತ್ತು. ಅದನ್ನು ಟೂಲ್‌ಗೆ ಹಾಕಿ, ಶೂಟಿಂಗ್‌ಗೆ ಬೇಕಾದ ಸಾಮಾನಿನ ಪಟ್ಟಿ ಮಾಡಿಸಿಕೊಂಡು ಬಂದಳು. ಸಿನಿಮಾದವರು ಇದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರೆ: ದೃಶ್ಯವಾರು ಯಾರು ಬೇಕು, ಏನು ಬೇಕು, ಹಗಲೋ ರಾತ್ರಿಯೋ. ಕೈಯಲ್ಲಿ ಮಾಡಿದರೆ ಒಂದು ಸಂಜೆಯ ಕೆಲಸ. ಅವಳಿಗೆ ಎರಡು ನಿಮಿಷದಲ್ಲಿ ಸಿಕ್ಕಿತ್ತು. ಪಟ್ಟಿ ಚೆನ್ನಾಗಿಯೇ ಇತ್ತು ಅನ್ನಬೇಕು. ಒಂದು ತಪ್ಪನ್ನೂ ಅದು ಹಿಡಿದಿತ್ತು. ಎರಡನೇ ದೃಶ್ಯದಲ್ಲಿ ಅಂಗಿಯನ್ನು ಒಗೆಯಲು ಬಕೆಟ್‌ನಲ್ಲಿ ನೆನೆಹಾಕಿದ್ದಾರೆ, ಮೂರನೇ ದೃಶ್ಯದಲ್ಲಿ ಅದೇ ರಾತ್ರಿ ಅದೇ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾರೆ. ಒದ್ದೆ ಅಂಗಿಗೆ ಯಾರು ಗುಂಡಿ ಹಾಕುತ್ತಾರೆ? ನಾನೂ ಆ ಸ್ಕ್ರಿಪ್ಟ್ ಎರಡು ಸಲ ಓದಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬರಹದೊಳಗೇ ಇರುವ ಇಂಥ ಎಡವಟ್ಟನ್ನು ಈ ಟೂಲ್‌ಗಳು ಚೆನ್ನಾಗಿ ಹುಡುಕುತ್ತವೆ. ಅದಕ್ಕೆ ಬೇಕಾದದ್ದೆಲ್ಲಾ ಕಾಗದದ ಮೇಲೇ ಇತ್ತಲ್ಲ.

ಪಟ್ಟಿಯ ಮೂರನೇ ದೃಶ್ಯದಲ್ಲಿ ಹೀಗಿತ್ತು: ಅಂಗಿ, ಗುಂಡಿ, ಸೂಜಿ, ದಾರ, ಕತ್ತರಿ.

“ಕತ್ತರಿ ಎಲ್ಲಿಂದ ಬಂತು?” ಅಂದೆ.

“ಹೊಲಿಯೋಕೆ ಬೇಕಲ್ವಾ ಮೇಡಂ?”

“ನಿನ್ನ ಸ್ಕ್ರಿಪ್ಟಲ್ಲಿ ಎಲ್ಲಿದೆ?”

ಹುಡುಕಿದಳು. ಎಲ್ಲೂ ಇರಲಿಲ್ಲ. ಇರಬಾರದು ಕೂಡ. ಕೈಗೆಟುಕುವಷ್ಟು ದೂರದಲ್ಲಿ ಕತ್ತರಿ ಇದ್ದರೆ ಅಮ್ಮ ದಾರವನ್ನು ಹಲ್ಲಿನಿಂದ ಕಡಿಯುವುದೇಕೆ? ಚಿತ್ರದ ಕೊನೆಯ ಶಾಟ್ ನಿಂತಿರುವುದೇ ಅಲ್ಲಿ ಕತ್ತರಿ ಇಲ್ಲ ಅನ್ನುವುದರ ಮೇಲೆ.

ಇಲ್ಲಿ ಏನಾಯಿತು ಅಂತ ತಿಳಿದುಕೊಂಡರೆ ಮುಂದಿನದ್ದು ಸುಲಭ. ಈ ಟೂಲ್ ರಾಶಿ ರಾಶಿ ಬರಹ ಓದಿ, ಯಾವ ಮಾತಿನ ಪಕ್ಕದಲ್ಲಿ ಯಾವ ಮಾತು ಬರುವುದು ಜಾಸ್ತಿ ಅಂತ ಕಲಿತಿರುತ್ತದೆ. ಸೂಜಿ ದಾರ ಬಂದಲ್ಲಿ ಕತ್ತರಿಯೂ ಬಂದಿರುತ್ತದೆ. ಹಾಗಾಗಿ ಬಿಟ್ಟುಹೋದ ಜಾಗವನ್ನು ಅದು ಸಾಮಾನ್ಯವಾಗಿ ಇರುವಂಥದ್ದರಿಂದ ತುಂಬಿಬಿಡುತ್ತದೆ. ಬೇಕಂತಲೇ ಬಿಟ್ಟದ್ದು ಯಾವುದು, ಮರೆತು ಬಿಟ್ಟದ್ದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಅವಳಿಗೆ ಒಂದು ಅಭ್ಯಾಸ ಹೇಳಿಕೊಟ್ಟೆ: ಪಟ್ಟಿಯ ಪ್ರತಿ ಸಾಮಾನಿನ ಎದುರಿಗೆ ಅದು ಸ್ಕ್ರಿಪ್ಟಿನ ಯಾವ ಸಾಲಿನಿಂದ ಬಂತು ಅಂತ ಬರೆಯುವುದು. ಸಾಲು ಸಿಗದಿದ್ದರೆ ಅದು ಟೂಲ್ ಸೇರಿಸಿದ್ದು. ಬೇಕಾ ಬೇಡವಾ ನೀನೇ ನೋಡು ಅಂದೆ. ಕತ್ತರಿಯ ಜೊತೆಗೆ ಹೀಗೆ ಇನ್ನೂ ಎರಡು ಸಿಕ್ಕವು: ಗೋಡೆ ಗಡಿಯಾರ, ಮತ್ತೆ ಅಪ್ಪನ ಫೋಟೋ. ಅಪ್ಪನನ್ನು ಅವಳು ಸ್ಕ್ರಿಪ್ಟಿನಲ್ಲಿ ಸಾಯಿಸಿರಲೇ ಇಲ್ಲ!

ಆಮೇಲೆ ಸಂಭಾಷಣೆ. ಸ್ಕ್ರಿಪ್ಟ್‌ನಲ್ಲಿ ಮಾತು ತೀರಾ ಕಡಿಮೆ ಇದೆ ಅಂತ ಅವಳಿಗೆ ಅಳುಕು. ಟೂಲ್‌ನಿಂದ ಎಂಟು ಸಾಲು ಬರೆಸಿ ತಂದಳು. ಅದರಲ್ಲಿ ಅಮ್ಮ ಅನ್ನುತ್ತಾಳೆ: “ಮಗನೇ, ನೀನು ಹೋದ ಮೇಲೆ ಈ ಮನೆ ಬಿಕೋ ಎನ್ನುತ್ತದೆ.” ಮಗ ಅನ್ನುತ್ತಾನೆ: “ಅಮ್ಮಾ, ನಾನು ಎಲ್ಲೇ ಇದ್ದರೂ ನಿನ್ನ ಪ್ರೀತಿ ನನ್ನ ಜೊತೆಗಿರುತ್ತದೆ.” ವ್ಯಾಕರಣ ಸರಿ ಇದೆ. ಭಾವನೆಯೂ ಇದೆ. ತೊಂದರೆ ಏನೆಂದರೆ ಇಬ್ಬರೂ ಮನಸ್ಸಿನಲ್ಲಿರುವುದನ್ನು ಹಾಗೆಹಾಗೇ ಬಾಯಲ್ಲಿ ಹೇಳುತ್ತಿದ್ದಾರೆ. ಹೀಗೆ ಮಾತಾಡಿಕೊಳ್ಳುವ ತಾಯಿ ಮಗನಿಗೆ ಹಗಲು ಜಗಳ ಆಗಿರುವುದಕ್ಕೇ ಸಾಧ್ಯವಿಲ್ಲ.

ನಾನು ಏನೂ ಹೇಳಲಿಲ್ಲ. ಅಮ್ಮನ ಪಾತ್ರಕ್ಕೆ ಅವಳ ಗೆಳತಿಯ ತಾಯಿ ಒಪ್ಪಿಕೊಂಡಿದ್ದರು. ಮೊದಲು ಒಂದೆರಡು ನಾಟಕ ಮಾಡಿದವರು. ಅವರ ಕೈಗೆ ಕಾಗದ ಕೊಟ್ಟು ಓದಿಸಿದೆವು. ಒಮ್ಮೆ ಓದಿದರು, ಕನ್ನಡಕ ತೆಗೆದರು.

“ಇಷ್ಟೆಲ್ಲಾ ಬಾಯಿಬಿಟ್ಟು ಹೇಳೋಳಾಗಿದ್ರೆ, ರಾತ್ರಿ ಹನ್ನೊಂದು ಗಂಟೇಲಿ ಗುಂಡಿ ಯಾಕೆ ಹೊಲೀತಾ ಕೂರ್ತಾಳಮ್ಮಾ?”

ಹುಡುಗಿ ಆ ಎಂಟು ಸಾಲನ್ನು ಎಸೆಯಲಿಲ್ಲ. ಅಲ್ಲೇ ಅವಳ ಜಾಣತನ. ಪ್ರತಿ ಟೇಕ್‌ಗೂ ಮುಂಚೆ ಆಂಟಿಗೆ ಅದರಲ್ಲಿ ಒಂದು ಸಾಲು ತೋರಿಸುತ್ತಿದ್ದಳು. “ಆಂಟಿ, ಈ ಮಾತು ನಿಮ್ಮ ಬಾಯಿಗೆ ಬರ್ತಾ ಇದೆ, ಆದ್ರೆ ಹೇಳಲ್ಲ. ಹೊಲೀತಾ ಇರಿ,” ಅನ್ನುತ್ತಿದ್ದಳು. ಸಂಭಾಷಣೆ ಆಗದೇ ಹೋದದ್ದು ನಟನೆಗೆ ಟಿಪ್ಪಣಿ ಆಯಿತು. ಕೊನೆಗೆ ಚಿತ್ರದಲ್ಲಿ ಉಳಿದದ್ದು ಮಗನ ಮೂರು ಮಾತು, ಪ್ರತಿಯೊಂದಕ್ಕೂ ಅಮ್ಮನ ಒಂದು “ಹೂಂ”. ಈ ಮೂರು “ಹೂಂ” ಮುಂದೆ ಇನ್ನೊಂದು ಪೇಚು ತಂದವು, ಅದಕ್ಕೆ ಆಮೇಲೆ ಬರುತ್ತೇನೆ.

ಚಿತ್ರ ಎಷ್ಟು ನಿಮಿಷ ಬರುತ್ತದೆ ಅಂತಲೂ ಅವಳು ಲೆಕ್ಕ ಹಾಕಿಸಿದ್ದಳು. ಮೂರೂವರೆ ನಿಮಿಷ ಅಂತ ಉತ್ತರ. ಆ ಲೆಕ್ಕ ಬರೆದ ಮಾತಿನ ಮೇಲೆ ನಿಂತದ್ದು. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಹಳೆಯ ಅಂದಾಜು ಇದೆಯಲ್ಲ, ಅದು ಇಂಗ್ಲಿಷ್ ಸ್ಕ್ರಿಪ್ಟಿನ ಅಚ್ಚು, ಅಕ್ಷರದ ಅಳತೆಗೆ ಹೊಂದಿಸಿದ್ದು. ಅಲ್ಲೂ ಮಾತು ಕಡಿಮೆ ಇದ್ದರೆ ಕೆಟ್ಟುಹೋಗುತ್ತದೆ. “ಅಮ್ಮ ಗುಂಡಿ ಹೊಲಿಯುತ್ತಾಳೆ” ಅನ್ನುವುದು ಕಾಗದದಲ್ಲಿ ಮೂರು ಪದ. ನಾಲ್ಕು ತೂತಿನ ಗುಂಡಿಯನ್ನು ಆಂಟಿ ನಿಜವಾಗಿ ಹೊಲಿದಾಗ ಸ್ಟಾಪ್‌ವಾಚ್‌ನಲ್ಲಿ ಒಂದೂಮುಕ್ಕಾಲು ನಿಮಿಷ. ಮೌನಕ್ಕೆ ಪದಗಳಿಲ್ಲ, ಆದ್ದರಿಂದ ಪದ ಎಣಿಸುವ ಲೆಕ್ಕದಲ್ಲಿ ಅದು ಸಿಗುವುದಿಲ್ಲ. ನೀವೂ ಸ್ಟಾಪ್‌ವಾಚ್ ಹಿಡಿದು, ಕೆಲಸವನ್ನು ಕೈಯಲ್ಲಿ ಮಾಡಿಯೇ ಅಳೆಯಿರಿ.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಅಲ್ಲಿ ಟೂಲ್‌ಗೆ ಕೆಲಸವೇ ಇರಲಿಲ್ಲ.

ಎಡಿಟಿಂಗ್‌ಗೆ ಬಂದಾಗ ಕೊನೆಯ ಶಾಟ್‌ಗೆ ನಾಲ್ಕು ಟೇಕ್ ಇತ್ತು. ಎರಡನೆಯದೋ ನಾಲ್ಕನೆಯದೋ ಅಂತ ಅವಳಿಗೆ ಗೊಂದಲ. ಎರಡರ ಬಗ್ಗೆಯೂ ಬರೆದು ಟೂಲ್‌ಗೆ ಹಾಕಿದ್ದಳು. ನಾಲ್ಕನೆಯದನ್ನೇ ಇಟ್ಟುಕೊಳ್ಳಿ ಅಂತ ಬಂದ ಉತ್ತರವನ್ನು ನನಗೆ ತೋರಿಸಿದಳು. ಕಾರಣಗಳೂ ಇದ್ದವು, ನಯವಾಗಿ ಬರೆದಿತ್ತು. ಅವಳು ಏನು ಬರೆದು ಹಾಕಿದ್ದಳು ಅಂತ ನೋಡಿದೆ. ನಾಲ್ಕನೆಯದಕ್ಕೆ “ಭಾವುಕವಾಗಿದೆ, ಕಣ್ಣು ತುಂಬಿದೆ, ಸರಾಗ” ಅಂತಿತ್ತು. ಎರಡನೆಯದಕ್ಕೆ “ದಾರ ಕಡಿಯುವಾಗ ಸ್ವಲ್ಪ ತಡವರಿಕೆ” ಅಂತಿತ್ತು. ತೀರ್ಪು ಅವಳ ಬರಹದಲ್ಲೇ ಆಗಿಹೋಗಿತ್ತು. ಟೂಲ್ ಅದನ್ನು ದೊಡ್ಡದು ಮಾಡಿ ವಾಪಸ್ ಕೊಟ್ಟಿತ್ತು, ಅಷ್ಟೇ.

“ಈಗ ಎರಡನೆಯದನ್ನು ಹೊಗಳಿ ಬರಿ,” ಅಂದೆ. “ಸುಳ್ಳು ಬರೀಬೇಡ. ಕಂಡದ್ದನ್ನೇ ಬೇರೆ ಮಾತಲ್ಲಿ ಬರಿ.” ಅವಳು ಬರೆದಳು: “ಮೊದಲ ಕಡಿತಕ್ಕೆ ದಾರ ತುಂಡಾಗುವುದಿಲ್ಲ. ಅವಳು ಇನ್ನೊಮ್ಮೆ ಕಡಿಯುತ್ತಾಳೆ.” ಈ ಸಲ ಉತ್ತರ ಎರಡನೇ ಟೇಕ್ ಪರವಾಗಿ ಬಂತು. ಕಾರಣಗಳು ಮೊದಲಿನಷ್ಟೇ ನಯವಾಗಿದ್ದವು. ಹುಡುಗಿ ಪಕಪಕ ನಕ್ಕಳು.

ನಿಮ್ಮ ಟೂಲ್ ಚಿತ್ರವನ್ನು ನೋಡಿ ಹೇಳುತ್ತಿದೆಯೋ, ನಿಮ್ಮ ಮಾತನ್ನು ಕೇಳಿ ಹೇಳುತ್ತಿದೆಯೋ ಅಂತ ತಿಳಿಯಲು ಇಷ್ಟು ಸಾಕು. ವರ್ಣನೆ ಬದಲಿಸಿ, ಉತ್ತರ ತಿರುಗುತ್ತದಾ ನೋಡಿ. ಫೋಟೋ, ವಿಡಿಯೋ ತೆಗೆದುಕೊಳ್ಳುವ ಟೂಲ್‌ಗಳೂ ಈಗ ಇವೆ, ಅವುಗಳ ಮಾತು ಬೇರೆ. ನಾನು ಹೇಳುತ್ತಿರುವುದು ಬರೀ ಬರಹದ ಟೂಲ್ ಬಗ್ಗೆ.

ನಾವು ಎರಡನೇ ಟೇಕನ್ನೇ ಇಟ್ಟೆವು. ಅದಕ್ಕೆ ಕಾರಣ ಆ ಶಾಟ್‌ನೊಳಗೆ ಮಾತ್ರ ಇರಲಿಲ್ಲ, ಅದರ ಹಿಂದಿನ ಶಾಟ್‌ನಲ್ಲೂ ಇತ್ತು. ಅಲ್ಲಿ ಮಗ ಬ್ಯಾಗಿನ ಜಿಪ್ ಎಳೆಯುತ್ತಾನೆ, ಜಿಪ್ ಒಮ್ಮೆ ಸಿಕ್ಕಿಕೊಳ್ಳುತ್ತದೆ, ಇನ್ನೊಮ್ಮೆ ಎಳೆಯುತ್ತಾನೆ. ಅದರ ಬೆನ್ನಿಗೇ ಅಮ್ಮನಿಗೂ ದಾರ ಒಮ್ಮೆಗೇ ತುಂಡಾಗುವುದಿಲ್ಲ. ಅಗಲಲು ಇಬ್ಬರಿಗೂ ಆಗುತ್ತಿಲ್ಲ ಅಂತ ಯಾರೂ ಹೇಳಬೇಕಿಲ್ಲ. 1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಪಕ್ಕದಲ್ಲಿ ಬೇರೆ ಬೇರೆ ಶಾಟ್ ಜೋಡಿಸಿ ತೋರಿಸಿದ್ದು ಇದನ್ನೇ. ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ ಮುಖದ ಅರ್ಥ ಬದಲಾಗುತ್ತದೆ. ಜಿಪ್ ಸಿಕ್ಕಿಕೊಂಡದ್ದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಅದು ಹಾಳು ಬ್ಯಾಗಿನ ಕೊಡುಗೆ. ಅವಳು ಬರೆದು ಹಾಕಿದ ವರ್ಣನೆಯಲ್ಲೂ ಇರಲಿಲ್ಲ, ಯಾಕೆಂದರೆ ಎರಡೂ ಶಾಟನ್ನು ಪಕ್ಕಪಕ್ಕ ಇಟ್ಟು ನೋಡುವ ತನಕ ಅವಳೇ ಅದನ್ನು ಗಮನಿಸಿರಲಿಲ್ಲ.

ಇನ್ನು ಸಬ್‌ಟೈಟಲ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಸಬ್‌ಟೈಟಲ್ ಫೈಲ್ ಅಂದರೆ ಸುಮ್ನೆ ಒಂದು ಟೆಕ್ಸ್ಟ್ ಫೈಲ್. ಹೆಚ್ಚಾಗಿ ಬಳಸುವುದು SRT. ಅದರಲ್ಲಿ ಕ್ರಮಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಸಮಯ, ಮಾತು, ಆಮೇಲೆ ಒಂದು ಖಾಲಿ ಸಾಲು ಇರುತ್ತದೆ. ನಮ್ಮ ಹುಡುಗಿ ಟೈಮ್‌ಲೈನ್‌ನಲ್ಲಿ ಪ್ರತಿ ಮಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ನೋಡಿ ಬರೆದುಕೊಂಡಳು. ಅದನ್ನು ಟೂಲ್‌ಗೆ ಕೊಟ್ಟು SRT ಮಾಡಿಸಿದಳು. ಮೊದಲ ಮಾತು ಟೈಮ್‌ಲೈನ್‌ನಲ್ಲಿ `00:01:12:18` ಇಂದ `00:01:14:05` ತನಕ ಇತ್ತು. ಟೂಲ್ ಕೊಟ್ಟದ್ದು ಹೀಗೆ:

```
1
00:01:12,180 --> 00:01:14,050
ಬಸ್ಸು ಐದೂವರೆಗೆ.
```

ನೋಡಲು ಅಚ್ಚುಕಟ್ಟಾಗಿದೆ. ಪ್ಲೇಯರ್ ಕೂಡ ತಕರಾರಿಲ್ಲದೆ ತೆರೆಯುತ್ತದೆ. ಆದರೆ ಚಿತ್ರ ಓಡಿಸಿದರೆ ಮಗ ಬಾಯಿ ತೆರೆಯುವ ಮೊದಲೇ ಮಾತು ಪರದೆಗೆ ಬಂದುಬಿಡುತ್ತಿತ್ತು. ಅವಳು ಎಲ್ಲಾ ಸಾಲುಗಳನ್ನೂ ಅರ್ಧ ಸೆಕೆಂಡ್ ಮುಂದಕ್ಕೆ ತಳ್ಳಿ ನೋಡಿದಳು. ಮೊದಲನೆಯದು ಸರಿಹೋಯಿತು, ಮೂರನೆಯದು ಈಗ ತಡವಾಗಿ ಬರತೊಡಗಿತು. ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದಳು, ಪಾಪ.

“ಅಲ್ಪವಿರಾಮದ ಮುಂದಿರೋ ಮೂರಂಕಿ ಓದು,” ಅಂದೆ. ಓದಿದಳು: 180, 050, 220, 110, 070, 030…

“240 ದಾಟಿದ್ದು ಒಂದಾದರೂ ಇದೆಯಾ?”

ಸ್ವಲ್ಪ ಹೊತ್ತು ಸದ್ದಿಲ್ಲ. “ಇಲ್ಲ ಮೇಡಂ.”

ರೋಗ ಸಿಕ್ಕಿತು. ಎಡಿಟಿಂಗ್ ಟೈಮ್‌ಲೈನ್‌ನ ಕೊನೆಯ ಅಂಕಿ ಫ್ರೇಮ್. ಅವಳ ಚಿತ್ರ ಸೆಕೆಂಡಿಗೆ 25 ಫ್ರೇಮ್, ಹಾಗಾಗಿ ಆ ಅಂಕಿ 00 ಇಂದ 24 ತನಕ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. SRT ಫೈಲ್‌ನ ಕೊನೆಯ ಮೂರಂಕಿ ಮಿಲಿಸೆಕೆಂಡ್, ಅದು 999 ತನಕ ಹೋಗುತ್ತದೆ. ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಂದರೆ 18 ಫ್ರೇಮ್ ಆಗಬೇಕಾದದ್ದು 720. ಟೂಲ್ ಅದಕ್ಕೆ ಒಂದು ಸೊನ್ನೆ ಅಂಟಿಸಿ 180 ಮಾಡಿತ್ತು. ಆ ಸಾಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, 540 ಮಿಲಿಸೆಕೆಂಡ್ ಮುಂಚೆ ಬಂತು. 1 ಫ್ರೇಮ್‌ನಲ್ಲಿ ಶುರುವಾದ ಮಾತಿಗೆ ತಪ್ಪು ಬರೀ 30, 22 ಫ್ರೇಮ್‌ನಲ್ಲಿ ಶುರುವಾದದ್ದಕ್ಕೆ 660. ತಪ್ಪು ಪ್ರತಿ ಸಾಲಿಗೂ ಬೇರೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತಳ್ಳಿದರೆ ಸರಿಹೋಗಲಿಲ್ಲ.

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸೂತ್ರ ಸಾಕಾಯಿತು:

```
ms = frames * 1000 / 25
```

```
1
00:01:12,720 --> 00:01:14,200
ಬಸ್ಸು ಐದೂವರೆಗೆ.
```

ನಿಮ್ಮದು 24 ಫ್ರೇಮ್ ಇದ್ದರೆ 25ರ ಜಾಗದಲ್ಲಿ 24 ಹಾಕಿ, ಬಂದದ್ದನ್ನು ಪೂರ್ಣಸಂಖ್ಯೆ ಮಾಡಿ. ನಿಜ ಹೇಳಬೇಕಂದರೆ ಇಷ್ಟೂ ಬೇಕಾಗಿರಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಸಬ್‌ಟೈಟಲ್ ಟ್ರ್ಯಾಕ್ ಇರುತ್ತದೆ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದೆ. ಅಲ್ಲೇ ಮಾತು ಟೈಪ್ ಮಾಡಿ, ಕಿವಿಯಲ್ಲಿ ಕೇಳುತ್ತಾ ಕೂರಿಸಿ SRT ಎಕ್ಸ್‌ಪೋರ್ಟ್ ಮಾಡಿದರೆ ಫ್ರೇಮ್ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ಸಮಯದ ಲೆಕ್ಕವನ್ನು ಲೆಕ್ಕ ಮಾಡುವ ಸಾಫ್ಟ್‌ವೇರ್‌ಗೇ ಬಿಡಿ. ಬರಹದ ಟೂಲ್‌ಗೆ ಅಂಕಿಯೂ ಒಂದು ಮಾತಿನ ಹಾಗೆಯೇ. ಸರಿಯಾದ ಉತ್ತರದ ಥರ ಕಾಣುವುದನ್ನು ಬರೆದುಬಿಡುತ್ತದೆ. ಫೈಲನ್ನು ಉಳಿಸುವಾಗ UTF-8 ಆರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬರುತ್ತವೆ.

ಕನ್ನಡದ ಫೈಲ್ ಸರಿಹೋದ ಮೇಲೆ ಇಂಗ್ಲಿಷಿಗೆ ಅನುವಾದ. ಅವಳು ಮಾಡಿದ ಈ ಕ್ರಮ ಒಳ್ಳೆಯದು: ಮೊದಲು ಮೂಲ ಭಾಷೆಯಲ್ಲಿ ಸಮಯ ಕೂರಿಸಿ, ಆಮೇಲೆ ಮಾತು ಮಾತ್ರ ಬದಲಿಸುವುದು. ಅನುವಾದದಲ್ಲಿ ಟೂಲ್ ಒಟ್ಟಾರೆ ಚೆನ್ನಾಗಿಯೇ ಕೆಲಸ ಮಾಡಿತು. ಎರಡೇ ಕಡೆ ಸಿಕ್ಕಿಬಿತ್ತು.

ಮೊದಲನೆಯದು ಮಗನ ಕೊನೆಯ ಮಾತು: “ಹೋಗಿ ಬರ್ಲಾ?” ಇಂಗ್ಲಿಷಿನಲ್ಲಿ ಬಂದದ್ದು ಬರೀ “ಹೋಗಲಾ?” ಅನ್ನುವಷ್ಟೇ. ಹೊರಡುವಾಗ ನಮ್ಮಲ್ಲಿ ಯಾರೂ ಬರೀ “ಹೋಗ್ತೀನಿ” ಅನ್ನಲ್ಲ. ಮಗ ವಾಪಸ್ ಬರುತ್ತಾನೋ ಇಲ್ಲವೋ ಅನ್ನುವುದೇ ಹಗಲಿನ ಜಗಳದ ಮೂಲ. “ಬರ್ಲಾ” ಬಿಟ್ಟುಹೋದರೆ ಚಿತ್ರದ ಅರ್ಧ ಬಿಟ್ಟುಹೋದ ಹಾಗೆ. ಇದನ್ನು ಅವಳೇ ಗಮನಿಸಿದಳು. ಹೋಗಿ ವಾಪಸ್ ಬರುತ್ತೇನೆ ಅನ್ನುವ ಅರ್ಥ ಬರುವ ಹಾಗೆ ಇಂಗ್ಲಿಷ್ ಸಾಲನ್ನು ತಾನೇ ಬರೆದಳು. ಅದು ಪ್ರಶ್ನೆಯಾಗಿ ಉಳಿಯಲಿಲ್ಲ, ಆದರೂ ಪರವಾಗಿಲ್ಲ ಅನ್ನಿಸಿತು.

ಎರಡನೆಯದು ಆ ಮೂರು “ಹೂಂ”. ಟೂಲ್ ಮೂರಕ್ಕೂ “ಯೆಸ್” ಅಂತ ಹಾಕಿತ್ತು. ಅದರ ತಪ್ಪೇನಿಲ್ಲ. ಬರಹದಲ್ಲಿ ಮೂರೂ ಒಂದೇ ಥರ ಇವೆ. ಕಿವಿಗೊಟ್ಟರೆ ಮಾತ್ರ ಬೇರೆ. “ಬಸ್ಸು ಐದೂವರೆಗೆ” ಅಂದಾಗ ಬಂದ “ಹೂಂ” ಗಿಡ್ಡ. ಕೇಳಿಸಿತು ಅಂತ ಅರ್ಥ. “ಅಲ್ಲಿ ಊಟ ಚೆನ್ನಾಗಿದೆಯಂತೆ” ಅಂದಾಗಿನ “ಹೂಂ” ಎಳೆದದ್ದು, ಕೊನೆಗೆ ಸ್ವರ ಮೇಲೇಳುತ್ತದೆ. ನೀನು ಹೇಳಿದ್ದನ್ನು ನಾನು ನಂಬಬೇಕಾ ಅನ್ನುವ ಥರ. ಮೂರನೆಯದು “ಹೋಗಿ ಬರ್ಲಾ?”ಗೆ ಬಂದದ್ದು. ಆಗ ಆಂಟಿಯ ಹಲ್ಲಿನ ನಡುವೆ ದಾರ ಇದೆ, ಬಾಯಿ ತೆರೆಯುವ ಹಾಗಿಲ್ಲ. ಅದು ಮೂಗಿನಿಂದ ಬಂದ ಸದ್ದು. ಅದು ಒಪ್ಪಿಗೆಯೋ ಅಳುವೋ ನನಗಿನ್ನೂ ಗೊತ್ತಿಲ್ಲ.

ಮೊದಲನೆಯದಕ್ಕೆ “ಯೆಸ್” ಹಾಗೇ ಬಿಟ್ಟಳು. ಎರಡನೆಯದಕ್ಕೆ “ಹೌದಾ?” ಅನ್ನುವ ಅರ್ಥದ ಇಂಗ್ಲಿಷ್ ಪದ ಹಾಕಿದಳು. ಮೂರನೆಯದರ ಮುಂದೆ ತುಂಬಾ ಹೊತ್ತು ಕೂತಳು. ಏನೇನೋ ಟೈಪ್ ಮಾಡಿದಳು, ಅಳಿಸಿದಳು. ಕೊನೆಗೆ ಆ ಬ್ಲಾಕನ್ನೇ ತೆಗೆದುಹಾಕಿದಳು. ಚಿತ್ರದ ಆ ಎರಡೂವರೆ ಸೆಕೆಂಡಿನಲ್ಲಿ ಪರದೆಯ ಕೆಳಗೆ ಏನೂ ಇಲ್ಲ. ಕನ್ನಡ ಬಾರದವರೂ ಆಗ ಕೆಳಗೆ ಓದಲು ಹೋಗದೆ ಆಂಟಿಯ ಬಾಯಿಯನ್ನೇ ನೋಡುತ್ತಾರೆ.

ನಿಮ್ಮ ಸ್ಕ್ರಿಪ್ಟ್ ಪೂರ್ತಿ ಬರೆಸಬಹುದಾ ಅಂದರೆ, ಬರೆಸಬಹುದು. ಕತ್ತರಿ ಇರುವ ಚಿತ್ರ ಬರುತ್ತದೆ. ಅದರ ಬದಲು ನಿಮ್ಮದನ್ನು ನೀವು ಬರೆದು, ಬ್ರೇಕ್‌ಡೌನ್‌ಗೆ ಮತ್ತು ಒದ್ದೆ ಅಂಗಿಯಂಥ ಎಡವಟ್ಟು ಹುಡುಕಲು ಕೊಡಿ. ಅನುವಾದದ ಮೊದಲ ಕರಡನ್ನು ಮಾಡಿಸಿ, ಆಮೇಲೆ ಚಿತ್ರವನ್ನು ಓಡಿಸಿಕೊಂಡು, ಸದ್ದು ಕೇಳುತ್ತಾ ಸಾಲು ಸಾಲಾಗಿ ತಿದ್ದಿ. ಯಾವುದಾದರೂ ಚಿತ್ರೋತ್ಸವಕ್ಕೆ ಕಳಿಸುವುದಿದ್ದರೆ ಎಐ ಬಳಕೆ ಬಗ್ಗೆ ಅವರ ನಿಯಮ ಏನಿದೆ ಅಂತ ಮೊದಲೇ ಓದಿಕೊಳ್ಳಿ, ಕೆಲವರು ಕೇಳುತ್ತಾರೆ.

ನಮ್ಮ ಹುಡುಗಿ ಚಿತ್ರವನ್ನು ಮೊದಲು ತೋರಿಸಿದ್ದು ಆಂಟಿಗೆ. ದೀಪ ಹಾಕಿದ ಮೇಲೂ ಅವರು ಪರದೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಅವಳ ಕಡೆ ತಿರುಗಿ, “ನನ್ನ ಹಲ್ಲು ನಿಜವಾಗ್ಲೂ ಅಷ್ಟು ದೊಡ್ಡದಾಗಿದ್ಯೇನಮ್ಮಾ?” ಅಂದರು.